ನೀರಿರುವಾಗ ಅಳೆದ ಗಾಳಿ

ನಮ್ಮವರು ಮೋಟಾರಿನ ಕಾಯಿಲ್ ಸುತ್ತುವ ಮೇಸ್ತ್ರಿ. ಸುಟ್ಟ ಮೋಟಾರು ಬಂತೆಂದರೆ ಕರಕಲು ತಂತಿ ಬಿಚ್ಚಿ, ಹೊಸ ತಾಮ್ರ ಸುತ್ತಿ, ವಾರ್ನಿಷ್ ಕುಡಿಸಿ ಕೊಡುವುದೇ ಅವರ ಜೀವನ. ಊಟಕ್ಕೆ ಕೂಗಿದರೆ ಕಿವಿಗೆ ಬೀಳುವುದಿಲ್ಲ, ಸುತ್ತು ಎಣಿಸುತ್ತಿರುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ತಾಮ್ರವೇ ಸವತಿ ಅನ್ನಿಸಿದ್ದುಂಟು.

ಈಚೆಗೆ ಅವರ ಬಲಗೈ ಸ್ವಲ್ಪ ನಡುಗಲು ಶುರುವಾಗಿತ್ತು. ಲೋಟ ಹಿಡಿದಾಗ ಮಾತ್ರ. ತಂತಿ ಹಿಡಿದರೆ ನಿಲ್ಲುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದೆ, ಅವರೂ ಹಾಗೇ ಇದ್ದರು.

ಅಷ್ಟರಲ್ಲಿ ನನ್ನ ನಾದಿನಿಯ ಪಂಪು ಸುಟ್ಟಿತು. ಅವಳು ಬಟ್ಟೆ ಒಗೆದುಕೊಡುವ ಅಂಗಡಿ ಇಟ್ಟವಳು. ಆಸ್ಪತ್ರೆಯ ಹಾಸಿಗೆಬಟ್ಟೆಗಳೆಲ್ಲ ಅವಳಲ್ಲಿಗೇ ಬರುತ್ತವೆ. ನಮ್ಮವರು ಮೋಟಾರು ಸುತ್ತಿಕೊಟ್ಟರು. ಸ್ವಲ್ಪ ದಿನಕ್ಕೆ ಮತ್ತೆ ಸುಟ್ಟು ಬಂತು. ಅಣ್ಣನಿಗೆ ಏನೂ ಅನ್ನಲಾರದೆ ಅವಳು ನನ್ನ ಮುಂದೆ ಅತ್ತಳು. ನಮ್ಮವರು ಮತ್ತೊಮ್ಮೆ ಸುತ್ತಿದರು. ಈ ಸಲ ತಾವೇ ಹೋಗಿ ಜೋಡಿಸುವುದಾಗಿ ಹೇಳಿದರು. ನಾನೂ ಹಿಂದೆ ಹೋದೆ.

ನಲ್ಲಿ ತಿರುಗಿಸಿದರೆ ಸಾಕು, ಪ್ರೆಷರ್ ಸ್ವಿಚ್ ಟಕ್ ಎನ್ನುತ್ತಿತ್ತು, ಪಂಪು ಓಡುತ್ತಿತ್ತು. ಉಸಿರು ಬಿಡುವಷ್ಟರಲ್ಲಿ ಟಕ್ ಎಂದು ನಿಲ್ಲುತ್ತಿತ್ತು. ಮತ್ತೆ ಟಕ್. ಹೊರಡುವ ಪ್ರತಿ ಸಲವೂ ಮೋಟಾರು ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಹೀಗಾದರೆ ಕಾಯಿಲ್ ತಣ್ಣಗಾಗುವುದು ಯಾವಾಗ ಎಂದು ಅವರು ಗೊಣಗಿಕೊಂಡರು. ಸ್ವಿಚ್ಚಿನ ಸಂಪರ್ಕಗಳು ಕಪ್ಪಗಾಗಿದ್ದವು. ಹೊಸ ಸ್ವಿಚ್ ಹಾಕಿದರು. ಟಕಟಕ ನಿಲ್ಲಲಿಲ್ಲ.

ಪಕ್ಕದಲ್ಲಿ ಪ್ರೆಷರ್ ಟ್ಯಾಂಕ್ ಇತ್ತು. ಒಳಗೆ ರಬ್ಬರ್ ಚೀಲ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಆ ಗಾಳಿಯೇ ನೀರನ್ನು ನೂಕುತ್ತ, ಪಂಪಿಗೆ ಬಿಡುವು ಕೊಡುತ್ತದೆ. ನಮ್ಮವರು ಸೈಕಲ್ ಟೈರಿಗಿರುವಂಥ ಅದರ ವಾಲ್ವಿಗೆ ಗಾಳಿ ಅಳೆಯುವ ಮೀಟರ್ ಒತ್ತಿದರು. ಸ್ವಿಚ್ ನೀರಿನ ಒತ್ತಡ ಇಪ್ಪತ್ತು ಪೌಂಡಿಗಿಳಿದರೆ ಪಂಪು ಹಚ್ಚಿ ನಲವತ್ತಕ್ಕೇರಿದರೆ ಆರಿಸುವಂಥದ್ದು, ಟ್ಯಾಂಕಿಗೆ ಹದಿನೆಂಟು ಪೌಂಡು ಗಾಳಿ ಇದ್ದರೆ ಸಾಕು. ಮುಳ್ಳು ಮೂವತ್ತು ದಾಟಿ ನಿಂತಿತು. ಗಾಳಿ ಬೇಕಾದಷ್ಟಿದೆ ಎಂದರು. ಇಷ್ಟೊಂದು ನಲ್ಲಿ ಇರುವ ಕಡೆ ಪಂಪು ಹೀಗೇ ಆಡುವುದೇನೋ ಎಂದು ತಮಗೆ ತಾವೇ ಹೇಳಿಕೊಂಡರು. ಟ್ಯಾಂಕಿನ ಕೆಲಸ ಅವರದ್ದಲ್ಲ, ಅವರು ಮೋಟಾರಿನವರು.

ಮನೆ ಬಾಗಿಲಲ್ಲಿ ನಿಂತು ಅಂದರು: "ಸ್ವಿಚ್ ಹೊಸದು. ಗಾಳಿ ಸರಿಯಾಗಿದೆ. ಇನ್ನು ಉಳಿದದ್ದು ನನ್ನ ಕೈ ಒಂದೇ ಕಣೆ."

ಆ ಮೇಲೆ ನಾನು ಎಷ್ಟು ಬಡಕೊಂಡರೂ ಕೇಳಲಿಲ್ಲ. ಬಂದ ಗಿರಾಕಿಗಳಿಗೆಲ್ಲ ನನ್ನ ಕೈ ಹೋಗಿದೆ, ಬೇರೆಯವರ ಹತ್ತಿರ ಹೋಗಿ ಎಂದು ಬಾಯಿಬಿಟ್ಟು ಹೇಳಿದರು. ಕಾಯಿಲ್ ಸುತ್ತುವ ಯಂತ್ರವನ್ನು ಆಚೆ ಬೀದಿಯ ಹೊಸ ಮೇಸ್ತ್ರಿಗೆ ಕೊಟ್ಟುಬಿಟ್ಟರು. ಖಾಲಿ ಮೇಜಿನ ಮುಂದೆ ಕೂತು ದಿನವಿಡೀ ಬೆರಳು ನೋಡಿಕೊಳ್ಳುತ್ತಿದ್ದರು. ನನಗೆ ಹೆದರಿಕೆಯಾಯಿತು. ಈ ಮನುಷ್ಯ ಹೀಗೇ ಕೂತಲ್ಲೇ ಮುಗಿದುಹೋಗುತ್ತಾರೆ ಅನ್ನಿಸಿತು.

ಮೋಟಾರು ಮೂರನೇ ಸಲ ಸುಟ್ಟಿತು. ಬಿಚ್ಚಿ ತರಲು ನಾವಿಬ್ಬರೂ ಹೋದಾಗ ನಾದಿನಿ ಆಗಲೇ ಎಲ್ಲ ನಲ್ಲಿ ತೆರೆದು, ಪೈಪಿನಲ್ಲೂ ಟ್ಯಾಂಕಿನಲ್ಲೂ ಇದ್ದ ನೀರನ್ನೆಲ್ಲ ಬಕೆಟ್ಟಿಗೆ ಹಿಡಿದಿದ್ದಳು. ನಮ್ಮವರು ಕೈ ಸುಮ್ಮನಿರದೆ ವಾಲ್ವಿಗೆ ಮೀಟರ್ ಒತ್ತಿದರು. ಮುಳ್ಳು ಅಲುಗಲಿಲ್ಲ. ಮತ್ತೆ ಒತ್ತಿದರು. ಸೊನ್ನೆ.

ಅವರು ಒದ್ದೆ ನೆಲದ ಮೇಲೇ ಕೂತುಬಿಟ್ಟರು. "ಅವತ್ತು ನಾನು ನೋಡಿದ್ದು ನೀರಿನ ಒತ್ತಡ. ನೀರು ತುಂಬಿದ್ದಾಗ ಉಳಿದ ಚೂರು ಗಾಳಿಯನ್ನ ಹಿಂಡಿ ಅದೇ ತೋರಿಸಿದೆ. ಖಾಲಿ ಮಾಡಿ ನೋಡಬೇಕಿತ್ತು," ಎಂದರು. ವಾಲ್ವಿನ ಪಿನ್ನು ಒತ್ತಿದರು, ನೀರು ಬರಲಿಲ್ಲ. ಚೀಲ ಹರಿದಿಲ್ಲ, ಗಾಳಿ ಮಾತ್ರ ಸೋರಿಹೋಗಿದೆ, ಅದಕ್ಕೇ ಪಂಪಿಗೆ ಬಿಡುವಿಲ್ಲದೆ ಮೋಟಾರು ಸುಡುತ್ತಿದ್ದದ್ದು. ಸೈಕಲ್ ಪಂಪು ತರಿಸಿ ಹದಿನೆಂಟರವರೆಗೆ ಹೊಡೆದರು. ವಾಲ್ವಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದಿತು. ಅದರ ಪಿನ್ನು ಬದಲಿಸಿ ಮತ್ತೆ ತುಂಬಿಸಿದರು. ನಾದಿನಿ ಅಣ್ಣನ ಹೆಗಲು ಹಿಡಿದುಕೊಂಡು ನಿಂತಿದ್ದಳು.

ಮೋಟಾರು ಸುತ್ತಲು ಈಗ ಯಂತ್ರವಿಲ್ಲ. ಹೊತ್ತುಕೊಂಡು ಹೊಸ ಮೇಸ್ತ್ರಿಯ ಅಂಗಡಿಗೇ ಹೋದೆವು. ಆತ ಮುಚ್ಚಳ ಬಿಚ್ಚಿ, ಕಪ್ಪಾದ ಕಾಯಿಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸುಟ್ಟಿದ್ರೂ ಒಂದು ಎಳೆ ಆಚೀಚೆ ಆಗಿಲ್ಲ. ಈ ಕೈ ಇಟ್ಕೊಂಡು ಯಂತ್ರ ಯಾಕೆ ಕೊಟ್ರಿ, ಮೇಸ್ತ್ರಿ?"

ನಾನೇ ನಾಚಿಕೆ ಬಿಟ್ಟು, ಯಂತ್ರ ವಾಪಸ್ ಕೊಡುತ್ತೀರಾ ಎಂದು ಕೇಳಿದೆ. ಆತ ತಲೆ ತಗ್ಗಿಸಿದ. ಅದನ್ನು ಬಿಚ್ಚಿ ತನ್ನ ಹಳೆಯ ಯಂತ್ರಕ್ಕೆ ಬಿಡಿಭಾಗ ಮಾಡಿಕೊಂಡಿದ್ದನಂತೆ, ಉಳಿದದ್ದು ಗುಜರಿಗೆ ಹೋಗಿತ್ತಂತೆ.

ನಮ್ಮವರು ಕಾಯಿಲನ್ನು ಅವನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಅವರ ಕೈ ಆಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಅಳು ತಡೆಯಲಾಗಲಿಲ್ಲ.