ಆರು ಸಲ ಒತ್ತಿದರೆ ಕಾರ್ಕಳ

ಹೊಸ ಟಿಕೆಟ್ ಮೆಶಿನ್ ಕೈಗೆ ಬಂದ ದಿನವೇ ನಾನು ಅದನ್ನು ಬೈದೆ. ಅಂಗೈಯಗಲದ ಡಬ್ಬಿ, ಅದರಲ್ಲಿ ಬೆಂಕಿಪೆಟ್ಟಿಗೆಯಷ್ಟು ಸ್ಕ್ರೀನ್, ಆ ಸ್ಕ್ರೀನಿನೊಳಗೆ ನಾಲ್ಕು ಸಾಲು. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಎಷ್ಟು ದರ. ಊರಿನ ಹೆಸರು ಇಂಗ್ಲಿಷಿನಲ್ಲಿ, ಅದೂ ಅರ್ಧಕ್ಕೇ ಕತ್ತರಿಸಿದ್ದು. ಬಾಗಿಲ ಬಳಿ ಬಿಸಿಲು ಬಿದ್ದರೆ ಅದೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನನ್ನದು. ಡೊಂಕು ಇದ್ದದ್ದು ನನ್ನ ಕಣ್ಣಿನಲ್ಲಿ. ಕನ್ನಡಕ ಹಾಕಿದರೆ ನಮ್ಮೂರು ಕಾಪುವಿನ ಓರಗೆಯವರು 'ಅಜ್ಜ' ಎಂದು ಕರೆದಾರು ಎಂಬ ಜಂಬ ಬೇರೆ.

ಉಡುಪಿ–ಕಾರ್ಕಳ ರೂಟಿನ ದರ ನನಗೆ ಬಾಯಿಪಾಠ. ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಬಸ್ಸು ಇರುವ ಸ್ಟೇಜಿನಿಂದ ಕೆಳಮುಖದ ಬಾಣದ ಗುಂಡಿ ಒಂದು ಸಲ ಒತ್ತಿದರೆ ಮುಂದಿನ ಸ್ಟೇಜು. ಮಣಿಪಾಲದಲ್ಲಿ ಹತ್ತಿದವರಿಗೆ ಒಂದು ಸಲ ಒತ್ತಿದರೆ ಪರ್ಕಳ, ಮೂರಕ್ಕೆ ಹಿರಿಯಡ್ಕ, ಐದಕ್ಕೆ ಜೋಡುರಸ್ತೆ, ಆರಕ್ಕೆ ಕಾರ್ಕಳ. ಆಮೇಲೆ ಪ್ರಿಂಟ್. ಸ್ಕ್ರೀನಿನ ಕಡೆ ಸುಮ್ಮನೆ ಕಣ್ಣು ಹಾಯಿಸುವ ನಾಟಕ. ಯಾರಿಗೂ ಗೊತ್ತಾಗಲಿಲ್ಲ. ಬೆರಳಿಗೆ ಕಣ್ಣು ಬಂತು ಎಂದು ಒಳಗೊಳಗೇ ಹಿಗ್ಗಿದೆ.

ಒಂದು ದಿನ ಬೆಳಿಗ್ಗೆ ಮೆಶಿನ್ ಕೊಡುವಾಗ ಆಫೀಸಿನವರು, ಹೊಸ ಸ್ಟೇಜು ಒಂದನ್ನು ಹಾಕಿದ್ದೇವೆ, ಒಮ್ಮೆ ಪಟ್ಟಿ ನೋಡಿಕೊಳ್ಳಿ ಎಂದರು. ಅವರೆದುರು ಕಣ್ಣು ಕಿರಿದು ಮಾಡಿ ನೋಡುವುದುಂಟೇ? ಆಯ್ತು ಎಂದು ಮೆಶಿನನ್ನು ಬ್ಯಾಗಿಗೆ ಹಾಕಿಕೊಂಡೆ.

ಮಣಿಪಾಲದಲ್ಲಿ ಬಸ್ಸು ತುಂಬಿತು. ಬಾಗಲಕೋಟೆ ಕಡೆಯ ಒಬ್ಬ ಹೆಂಗಸು, ಸಿಮೆಂಟು ಮೆತ್ತಿದ ಕೈ, ಮಡಿಲಲ್ಲಿ ಬುತ್ತಿ ಗಂಟು. ಕಾರ್ಕಳ ಎಂದಳು. ದುಡ್ಡು ತೆಗೆದುಕೊಂಡೆ, ಆರು ಸಲ ಒತ್ತಿದೆ, ಚೀಟಿ ಕೊಟ್ಟೆ. ಅವಳ ಹಿಂದಿನ ಸೀಟುಗಳಿಗೂ ಹಾಗೆಯೇ.

ಜೋಡುರಸ್ತೆಯಲ್ಲಿ ನಮ್ಮ ಕಂಪನಿಯ ಚೆಕಿಂಗಿನವನು ಹತ್ತಿದ. ನನಗಿಂತ ಚಿಕ್ಕವ, ಅಣ್ಣ ಎಂದೇ ಕರೆಯುವವ. ಬಸ್ಸು ಹೊರಟ ಮೇಲೆ ಆ ಹೆಂಗಸಿನ ಚೀಟಿ ನೋಡಿ, ಇದು ಜೋಡುರಸ್ತೆಗೇ ಮುಗಿಯಿತಲ್ಲ, ಇಳಿಯಲಿಲ್ಲ ಯಾಕೆ ಎಂದ. ಕಾರ್ಕಳಕ್ಕೆ ಎಂದು ಹೇಳಿಯೇ ದುಡ್ಡು ಕೊಟ್ಟೆ ಎಂದು ಅವಳೆಂದಳು. ನಾನು ಎಂತ ಮಾಡಿದೆ ಗೊತ್ತುಂಟಾ? ಅವಳ ಮೇಲೆಯೇ ಹರಿಹಾಯ್ದೆ. ಒಂದು ಊರು ಹೇಳಿ ಇನ್ನೊಂದು ಊರಿಗೆ ಹೋಗುವುದು ನಿಮಗೆಲ್ಲ ಅಭ್ಯಾಸ ಎಂದೆ. ನಿಮಗೆಲ್ಲ ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. ಅವಳು ಗಂಟು ಹಿಡಿದುಕೊಂಡು ಇಳಿಯಲು ಎದ್ದು ನಿಂತಳು.

ಅಷ್ಟರಲ್ಲಿ ಚೆಕಿಂಗಿನವ ಹಿಂದಿನ ಸೀಟಿನ ಚೀಟಿ ನೋಡಿದ. ಅದರ ಹಿಂದಿನದ್ದೂ ನೋಡಿದ. ಎಲ್ಲರೂ ಕೊಟ್ಟದ್ದು ಕಾರ್ಕಳದ ದರ, ಎಲ್ಲರ ಕೈಯಲ್ಲೂ ಜೋಡುರಸ್ತೆಯ ಚೀಟಿ. ಬಸ್ಸು ಬದಿಗೆ ನಿಲ್ಲಿಸಲು ಹೇಳಿದ. ಪೂರಾ ದರ ತೆಗೆದುಕೊಂಡು ಕಡಿಮೆ ದರದ ಚೀಟಿ ಕೊಡುವುದಕ್ಕೆ ನಮ್ಮ ಕೆಲಸದಲ್ಲಿ ಒಂದೇ ಹೆಸರು: ಕಳ್ಳತನ. ಅದಕ್ಕೆ ಬ್ಯಾಗ್ ಕಳಚಿ ಮನೆಗೆ ಹೋಗಬೇಕು.

"ಅಣ್ಣ, ನನ್ನೆದುರು ಮಣಿಪಾಲದಿಂದ ಒಂದು ಕಾರ್ಕಳ ತೆಗೀರಿ" ಎಂದ.

ಒತ್ತಿದೆ, ಆರು ಸಲ. ಅವನು ಸ್ಕ್ರೀನ್ ನೋಡಲಿಲ್ಲ, ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಬಳಿಕ ಮೆಶಿನ್ ಇಸಿದುಕೊಂಡು ಪಟ್ಟಿ ಮೇಲೆ ಕೆಳಗೆ ಮಾಡಿದ. ಮಣಿಪಾಲಕ್ಕೂ ಪರ್ಕಳಕ್ಕೂ ನಡುವೆ ಈಶ್ವರನಗರ ಬಂದು ಕೂತಿತ್ತು. ನನ್ನ ಲೆಕ್ಕವೆಲ್ಲ ಒಂದೊಂದು ಸ್ಟೇಜು ಹಿಂದೆ ಬಿದ್ದಿತ್ತು.

ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಅಣ್ಣ, ನಿಮಗೆ ಇದು ಕಾಣ್ತದಾ?"

ಬೈದಿದ್ದರೆ ಜಗಳ ಮಾಡುತ್ತಿದ್ದೆ. ಕಳ್ಳ ಎಂದಿದ್ದರೆ ದೇವರ ಮೇಲೆ ಆಣೆ ಹಾಕುತ್ತಿದ್ದೆ. ಇಷ್ಟು ಮೆತ್ತಗೆ ಕೇಳಿದರೆ ಎಂತ ಮಾಡುವುದು ಮಾರಾಯ್ರೆ? ಇಲ್ಲ ಎಂದು ತಲೆ ಆಡಿಸಿದೆ. ಇನ್ನು ಕೆಲಸಕ್ಕೆ ಬರುವುದು ಕನ್ನಡಕ ಹಾಕಿದ ಮೇಲೆಯೇ ಎಂದ. ಅದು ನ್ಯಾಯವೇ.

ಅವನು ಊರು ಓದುತ್ತಾ ಹೋದ, ನಾನು ಗುಂಡಿ ಒತ್ತುತ್ತಾ ಹೋದೆ. ಎಲ್ಲರಿಗೂ ಸರಿಯಾದ ಚೀಟಿ ಹಂಚಿದೆ, ಯಾರ ಮುಖವನ್ನೂ ನೋಡದೆ. ಕೊನೆಗೆ ಆ ಹೆಂಗಸು. ಅವಳಿನ್ನೂ ನಿಂತೇ ಇದ್ದಳು. ಚೀಟಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ನನ್ನ ಕಡೆಗೇ ಚಾಚಿದಳು.

"ಅಣ್ಣಾರ, ನನಗ ಓದಾಕ ಬರಂಗಿಲ್ರಿ. ಈಗರ ಕಾರ್ಕಳ ಅಂತ ಐತೇನು, ಓದಿ ಹೇಳ್ರಿ."

ಚೆಕಿಂಗಿನವ ಕಿಟಕಿಯ ಹೊರಗೆ ನೋಡತೊಡಗಿದ. ಹೂಂ ಎಂದು ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳನ್ನು ಅಷ್ಟು ಜೋರಾಗಿ ಬೈದ ಬಾಯಿಗೆ ಮತ್ತೊಂದು ಸುಳ್ಳು ಬರಲಿಲ್ಲ.

"ನನಗೂ ಓದ್ಲಿಕ್ಕೆ ಆಗುವುದಿಲ್ಲ ಅಮ್ಮ" ಎಂದೆ.

ಅವಳು ಮತ್ತೆ ಕೂತಳು. ಸೀಟಿನಲ್ಲಿ ಸ್ವಲ್ಪ ಸರಿದು, ಕೂತುಕೊಳ್ರಿ ಎಂದು ನನಗೆ ಜಾಗ ಮಾಡಿಕೊಟ್ಟಳು.