ಮೈಯೆಲ್ಲ ವಾಸನೆ

"ಅಮ್ಮಾ, ಚಂದ್ರ ಮಾಮಿ ಯಾಕೆ ವಾಸನೇನ ಬೈತಿದಾರೆ? ವಾಸನೆ ನಲ್ಲದುದಾನೇ?"

ಆರು ವರ್ಷದ ವಿನೋದಾ ಕೇಳಿದಾಗ ಸುಮತಿ ಕೈಗೂಸಿನ ಒದ್ದೆ ತಲೆ ಒರೆಸುತ್ತಿದ್ದಳು. ಮದರಾಸಿನ ಶಾಲೆಗೆ ಹೋಗಿ ಅರ್ಧ ತಮಿಳಾದ ಮಗಳಿಗೆ ವಾಸನೆ ಎಂದರೆ ಮಲ್ಲಿಗೆ, 'ನಲ್ಲದು', ಒಳ್ಳೆಯದು. ಮೈಸೂರಿನಲ್ಲಿ ಬೆಳೆದ ಸುಮತಿಗೆ ಬರಿದೇ ವಾಸನೆ ಎಂದರೆ ಮೂಗು ಮುಚ್ಚಿಕೊಳ್ಳುವಂಥದ್ದು. ಇದನ್ನು ಹೇಗೆ ಬಿಡಿಸಿ ಹೇಳುವುದೆಂದು ಯೋಚಿಸುವಷ್ಟರಲ್ಲಿ ಮಹಡಿ ಮನೆಯ ಚಂದ್ರಮತಿ ದಡದಡ ಇಳಿದು ಬಂದಳು.

ಚಂದ್ರಮತಿಯದು ಕುಂದಾಪುರದ ಕಡೆ. ಅಣ್ಣ ಮದರಾಸಿನಲ್ಲಿ ಹೋಟೆಲು ಇಟ್ಟಿದ್ದ, ಬಿ.ಎ. ಮುಗಿಸಿ ಬಂದ ತಂಗಿಯನ್ನು ಗಲ್ಲಾದ ಮೇಲೆ ಕೂರಿಸುವ ಆಸೆ ಅವನಿಗೆ. ಅವಳು ಒಪ್ಪಲಿಲ್ಲ. ನುಂಗಂಬಾಕ್ಕಂನ ಜಾಹೀರಾತು ಕಚೇರಿಯೊಂದರಲ್ಲಿ ಕನ್ನಡಕ್ಕೆ ಒಬ್ಬರು ಬೇಕೆಂದು ತಿಳಿದು ಹೋಗಿ ಕೂತವಳು ನಲವತ್ತು ದಾಟಿದರೂ ಅಲ್ಲೇ ಇದ್ದಾಳೆ. ಕುಕ್ಕರು, ಫ್ಯಾನು, ಕೆಮ್ಮಿನ ಔಷಧಿ ಎಲ್ಲವೂ ಅವಳ ಬಾಯಲ್ಲೇ ಕನ್ನಡ ಕಲಿತವು. ಊರಲ್ಲಿ ಜನ ಅವಳ ಸಾಲುಗಳನ್ನು ಗಾದೆಯಂತೆ ಆಡಿಕೊಳ್ಳುತ್ತಾರೆ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಸಾಲು ಕೆಟ್ಟರೆ ಮಾತ್ರ ಮೈ ಉರಿಯುತ್ತಿತ್ತು.

ಈ ಸಲ ಮಕ್ಕಳ ಸೋಪು. ಚಿತ್ರದಲ್ಲಿ ಮಿಂದ ಮಗುವನ್ನು ಕೆನ್ನೆಗೊತ್ತಿಕೊಂಡ ತಾಯಿ. ಅದರ ಕೆಳಗೆ ಒಂದು ಸಾಲು ಬೇಕು. ಚಂದ್ರಮತಿ ಎಂದಿನಂತೆ ಹತ್ತು ಬರೆದಳು. ಬರೆಯುವಾಗ ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಒಂದು ದಿನ ಬಿಟ್ಟು ಗಟ್ಟಿಯಾಗಿ ಓದುತ್ತಾಳೆ. ಕಳೆದ ವಾರ ಸುಮತಿಯ ಅಡುಗೆಮನೆಯಲ್ಲೇ ಓದಿದ್ದಳು. ಇಡೀ ಸಾಲು ಯಾವುದೂ ನಿಲ್ಲಲಿಲ್ಲ, ತುಂಡುಗಳು ನಿಂತವು. ಎರಡನೆಯದರ 'ಕೆನ್ನೆಗೆ ಕೆನ್ನೆ', ಆರನೆಯದರ 'ಈಗಷ್ಟೇ ಮಿಂದ ಮಗು', ಒಂಬತ್ತನೆಯದರ 'ಘಮ'. ಇವುಗಳ ಕೆಳಗೆ ಗೆರೆ ಎಳೆದು ಉಳಿದುದನ್ನೆಲ್ಲ ಹೊಡೆದುಹಾಕಿದಳು. ಐದನೆಯದರಲ್ಲಿ 'ಮಗುವಿನ ಮೈಯೆಲ್ಲ ಹೂವು' ಎಂದಿತ್ತು. ಅದು ಚೆನ್ನಾಗಿದೆಯಲ್ಲ ಎಂದು ಸುಮತಿ ಕೇಳಿದ್ದಕ್ಕೆ, ಮೈಯೆಲ್ಲ ಎಂದೊಡನೆ ನಮ್ಮವರ ಬಾಯಿಗೆ ಬರುವುದು ನೋವು, ತುರಿಕೆ, ಕಜ್ಜಿ; ಹೂವು ಬರುವ ಹೊತ್ತಿಗೆ ತಾಯಿ ಹೆದರಿರುತ್ತಾಳೆ ಎಂದು ಚಂದ್ರಮತಿ ನಕ್ಕಿದ್ದಳು. ತುಂಡುಗಳನ್ನು ಹಿಂದೆಮುಂದೆ ಮಾಡಿ, ಚಿತ್ರದ ಅಗಲಕ್ಕೆ ಕೂಡುವಂತೆ ಕಟ್ಟಿದ ಸಾಲು: 'ಈಗಷ್ಟೇ ಮಿಂದ ಮಗು, ಕೆನ್ನೆಗೆ ಕೆನ್ನೆ, ಮನೆಯೆಲ್ಲ ಘಮ.'

ಇವತ್ತು ಅವಳ ಕೈಯಲ್ಲಿದ್ದ ಪ್ರೂಫಿನಲ್ಲಿ ಬೇರೆಯೇ ಇತ್ತು. 'ಈಗಷ್ಟೇ ಮಿಂದ ಮಗು, ಮೈಯೆಲ್ಲ ವಾಸನೆ.'

ಸುಮತಿಗೆ ನಗು ಬಂತು. ಚಂದ್ರಮತಿಯ ಮುಖ ನೋಡಿ ನುಂಗಿಕೊಂಡಳು.

"ನಗಿ ಮಾರಾಯ್ತಿ, ಊರೇ ನಗ್ತದೆ. ನಾನು ಹೊಡೆದುಹಾಕಿದ್ದನ್ನು ಹೆಕ್ಕಿ ತಂದು ಕಟ್ಟಿದ್ದಾನೆ ಆ ಮುರಳೀಧರ. ಎಂಜಲೆಲೆ ತೊಳೆದು ಮತ್ತೆ ಊಟಕ್ಕೆ ಹಾಕಿದ ಹಾಗೆ."

ಮುರಳೀಧರ ಅವಳ ಕಚೇರಿಯಲ್ಲೇ ಸೋಪಿನ ಕಂಪನಿಯೊಡನೆ ವ್ಯವಹರಿಸುವವನು. ಮನೆಮಾತು ಕನ್ನಡ, ಹುಟ್ಟಿ ಓದಿದ್ದೆಲ್ಲ ಇಲ್ಲೇ. ಹತ್ತೂ ಸಾಲುಗಳ ಹಾಳೆ ತರಿಸಿಕೊಂಡು, ಕಂಪನಿಯವರಿಗೆ ಒಂದೊಂದರ ಅರ್ಥ ಹೇಳಿ, ಅವರು ಹೂಂ ಅಂದ ತುಂಡುಗಳನ್ನು ಜೋಡಿಸಿದ್ದ. ಘಮ ಎಂಬುದು ಹಳ್ಳಿಯ ಮಾತು ಎಂದು ಅದನ್ನು ಅವನೇ 'ವಾಸನೆ' ಎಂದು ತಿದ್ದಿದ್ದ. ಚಂದ್ರಮತಿ ಕೂಗಾಡಿದ್ದಕ್ಕೆ, ಮಲ್ಲಿಗೆ ವಾಸನೆ ಅನ್ನೋಲ್ಲವೇ ಎಂದು ಕೇಳಿದ್ದ. ಮಲ್ಲಿಗೆ ಜೊತೆಗಿದ್ದರೆ ಸರಿ, ಒಂಟಿ ವಾಸನೆ ನಾತ ಎಂದು ಇವಳು ಹೇಳಿದರೆ, "ಅದು ನಿಮ್ಮ ಕುಂದಾಪುರದ ಕನ್ನಡ ಮೇಡಂ, ಮೀನು ಜಾಸ್ತಿ ನೋಡಿ ಅಲ್ಲಿ. ಮೈಸೂರಿನವರು ಹಾಗನ್ನಲ್ಲ" ಎಂದು ಎಲ್ಲರೆದುರು ನಗಿಸಿದ್ದ.

ಪ್ರೂಫಿನ ಅಂಚಿನಲ್ಲಿ 'ಕನ್ನಡ ಸರಿಯಿದೆ' ಎಂದು ಅವಳು ರುಜು ಹಾಕಬೇಕು. ಹಾಕಿದರೆ ನಾಳೆಯೇ ಅಚ್ಚಿನ ಬ್ಲಾಕು ಮಾಡಲು ಹೋಗುತ್ತದೆ. ಹಾಕದಿದ್ದರೆ ಇನ್ನು ಮೇಲೆ ಕನ್ನಡವನ್ನು ಮುರಳೀಧರನೇ ನೋಡಿಕೊಳ್ಳಲಿ ಎಂದು ದೊಡ್ಡ ಸಾಹೇಬರು ಹೇಳಿಯಾಗಿದೆ.

ತಲೆ ಒರೆಸುತ್ತಿದ್ದ ಬಟ್ಟೆಯನ್ನು ಸುಮತಿ ನೆಲಕ್ಕೆ ಎಸೆದಳು. ಇಷ್ಟು ವರ್ಷ ದುಡಿದವಳಿಗೆ ಮೀನಿನ ಮಾತೇ? ಕೈಗೂಸು ತೊಡೆಯ ಮೇಲೆ ಆಕಳಿಸಿತು. ಅದರ ನೆತ್ತಿ ಮೂಸಿ, ಇದಕ್ಕೆ ವಾಸನೆ ಅನ್ನುವವನ ನಾಲಿಗೆಗೆ ಬರೆ ಹಾಕಬೇಕು ಎಂದಳು.

"ಬರೆ ಬೇಡ," ಎಂದಳು ಚಂದ್ರಮತಿ. ಅವಳ ದನಿ ಮೊದಲ ಸಲ ತಗ್ಗಿತ್ತು. "ಸುಮತಿ, ನೀವು ಮೈಸೂರಿನವರು. ಮಕ್ಕಳಿರುವವರು. ನಾಳೆ ಬೆಳಿಗ್ಗೆ ಕಂಪನಿಯವರು ಬರ್ತಾರೆ. ಮಗುವನ್ನು ಮೀಯಿಸಿ, ಎತ್ತಿಕೊಂಡು ನನ್ನೊಟ್ಟಿಗೆ ಬನ್ನಿ. ಅವನ ಸಾಲನ್ನು ಅವರೆದುರು ಗಟ್ಟಿಯಾಗಿ ಓದಿ, ಅದು ಕೇಳಿದರೆ ನಿಮಗೆ ಏನನಿಸ್ತದೆ ಅಂತ ಹೇಳ್ತೀರಾ?"