ರುಕ್ಮಿಣಿಬಾಯಿಯ ಕತ್ತರಿ

ಹುಮನಾಬಾದಿನಲ್ಲಿ ಯಾರ ಮುಖವೂ ರುಕ್ಮಿಣಿಬಾಯಿಗೆ ಪಸಂದಾದದ್ದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಫೋಟೊ ಸ್ಟುಡಿಯೊ. ಗಂಡ ಬದುಕಿದ್ದಾಗ ಅವನು ಹೊರಗೆ ಕ್ಯಾಮೆರಾ ಹಿಡಿಯುತ್ತಿದ್ದ, ಇವಳು ಒಳಗಿನ ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುತ್ತಿದ್ದಳು. ಅವನು ತೀರಿಕೊಂಡ ಮೇಲೆ ಎರಡೂ ಇವಳದೇ ಆಯಿತು. ಕತ್ತಲಲ್ಲಿ ಅಷ್ಟು ಕಾಲ ಊರವರ ಮುಖಗಳನ್ನೇ ನೋಡುತ್ತ ಕೂತವಳಿಗೆ ಮನುಷ್ಯರ ಬಗ್ಗೆ ಮರ್ಯಾದೆ ಉಳಿಯುವುದು ಹೇಗೆ? ಕಪ್ಪು ಕನ್ನಡಕ ಹಾಕಿಕೊಂಡು ಬರುವ ಮದುಮಗನಿಗೆ, "ತೆಗೀರಿ ಅದನ್ನ, ಕಣ್ಣಿನ ಆಪರೇಶನ್ ಆಗ್ಯಾದೇನು?" ಎನ್ನುವಳು. ಬಣ್ಣ ಬೆಳ್ಳಗೆ ಮಾಡಿಕೊಡಿ ಎಂದು ಬಂದ ಶೆಟ್ಟರಿಗೆ, "ಸುಣ್ಣ ಹಚ್ಚೋರು ಮುಂದಿನ ಓಣ್ಯಾಗ ಅದಾರ" ಎಂದು ದಾರಿ ತೋರಿಸಿದವಳು.

ಇಷ್ಟಾದರೂ ಹೆಣ್ಣು ಹೆತ್ತವರು ಅವಳನ್ನು ಬಿಟ್ಟು ಬೇರೆಡೆ ಹೋಗುತ್ತಿರಲಿಲ್ಲ. ಯಾರ ಮಗಳ ಫೋಟೊವನ್ನೂ ಕೇಳದೆ ಅವಳು ಗಾಜಿನ ಕಪಾಟಿನಲ್ಲಿ ಇಟ್ಟವಳಲ್ಲ. ನಿಶ್ಚಯವಾದ ಸಂಬಂಧ ಮುರಿದರೆ ಹುಡುಗಿಯ ತಾಯಿ ನೇರ ಅಲ್ಲಿಗೆ ಬರುತ್ತಿದ್ದಳು. ರುಕ್ಮಿಣಿಬಾಯಿ ನೆಗೆಟಿವ್ ಹುಡುಕಿ, ಹುಡುಗ ಹುಡುಗಿಯ ನಡುವೆ ಕತ್ತರಿ ಆಡಿಸಿ, ಹುಡುಗಿ ಇದ್ದ ಚೂರನ್ನು ತಾಯಿಯ ಸೆರಗಿಗೆ ಹಾಕುವಳು. "ಮುಗೀತು, ಹೋಗು" ಎನ್ನುವಳು. ಸಮಾಧಾನದ ಮಾತು ಅಷ್ಟೇ. ಆದರೆ ಆ ತಾಯಂದಿರು ಮೆಟ್ಟಿಲಿಳಿಯುವಾಗ ಬಂದದ್ದಕ್ಕಿಂತ ಹಗುರಾಗಿ ಇಳಿಯುತ್ತಿದ್ದರು. ನೆಗೆಟಿವ್ ಕಾಲ ಹೋದ ಮೇಲೂ ಅವಳು ಈ ಪದ್ಧತಿ ಬಿಡಲಿಲ್ಲ. ತಾಯಿಯ ಕಣ್ಣೆದುರೇ ಕಂಪ್ಯೂಟರಿನಿಂದ ಅಳಿಸಿ, ಒಂದು ಪ್ರಿಂಟ್ ತೆಗೆದು ಅದನ್ನು ಕತ್ತರಿಸುವಳು. ಬರೀ ಅಳಿಸಿದರೆ ನೋಡಿದವರಿಗೆ ನಂಬಿಕೆ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಮೋರಖಂಡಿಯ ರತ್ನಮಾಲಾ ಬಂದದ್ದು ಇದೇ ನಂಬಿಕೆಯ ಮೇಲೆ. ಜತೆಗೆ ಮಗಳು ಆಮ್ರಪಾಲಿ. ಹುಮನಾಬಾದಿನ ಒಂದು ದವಾಖಾನೆಯಲ್ಲಿ ನರ್ಸ್. ನಿಶ್ಚಯವಾದ ಮೇಲೆ ಹುಡುಗನ ಕಡೆಯವರು ನೌಕರಿ ಬಿಡು ಎಂದರು. ಇವಳು ಹುಡುಗನನ್ನೇ ಬಿಟ್ಟಳು. ರುಕ್ಮಿಣಿಬಾಯಿಗೆ ಆ ಕ್ಷಣ ಹುಡುಗಿಯ ಮುಖ ಸ್ವಲ್ಪ ಪಸಂದಾಯಿತು. ಹೇಳಲಿಲ್ಲ ಅಷ್ಟೇ.

"ನನ್ನ ತಂಗೀದು ಕತ್ತರಿಸಿಕೊಟ್ಟಿದ್ರಲ್ರಿ ಬಾಯಾರ, ಹಂಗ ಇದನ್ನೂ ಕತ್ತರಿಸಿಬಿಡ್ರಿ" ಎಂದಳು ರತ್ನಮಾಲಾ.

ಆಮ್ರಪಾಲಿ ನಿಶ್ಚಯದ ಆಲ್ಬಮ್ಮನ್ನು ಮೇಜಿನ ಮೇಲಿಟ್ಟು ಮೊದಲ ಪುಟ ತೆರೆದಳು. ಕಾರಂಜಿಯ ಮುಂದೆ ಮೈತುಂಬ ಒಡವೆ ತೊಟ್ಟ ಮದುಮಗಳು, ಪಕ್ಕದ ಹುಡುಗನನ್ನು ನೋಡಿ ನಾಚಿ ನಗುತ್ತಿದ್ದಾಳೆ. ಮುಖ ಆಮ್ರಪಾಲಿಯದೇ.

"ಬಾಯಾರ, ಈ ಒಡವಿ ನಂದಲ್ಲ. ಈ ನಗು ನಂದಲ್ಲ. ನಾ ಅವನ್ನ ಹಿಂಗ ನೋಡೇ ಇಲ್ಲ. ಮುಖ ಅಷ್ಟ ನಂದು. ಅವರ ಮನಿಯವರು ಇದನ್ನ ಮಂದಿಗೆ ತೋರಿಸಿ, ಹುಡುಗಿ ಎಷ್ಟು ಖುಷಿ ಇದ್ಲು ನೋಡ್ರಿ ಅನ್ನಾಕತ್ತಾರ. ಇದನ್ನ ಯಾರು ಮಾಡಿದ್ರು?"

ರುಕ್ಮಿಣಿಬಾಯಿ ಕನ್ನಡಕ ಹಾಕಿ ನೋಡಿದಳು. ಅವಳ ಸ್ಟುಡಿಯೊದ ಹೆಸರಿನ ಆಲ್ಬಮ್. ಆದರೆ ಮೋರಖಂಡಿ ಕಡೆಯ ಊರುಗಳ ಕೆಲಸವನ್ನು ಬಸವಕಲ್ಯಾಣದಲ್ಲಿ ಅಂಗಡಿ ಇಟ್ಟಿರುವ ಅಳಿಯ ಧನರಾಜ ನೋಡಿಕೊಳ್ಳುತ್ತಿದ್ದ. ಮಗಳು ಸ್ನೇಹಲ್ ಮೆಚ್ಚಿ ಮಾಡಿಕೊಂಡ ಗಂಡ. ರುಕ್ಮಿಣಿಬಾಯಿ ಅವನನ್ನು ಬಹುವಚನ ಬಿಟ್ಟು ಕರೆದವಳಲ್ಲ, ಒಂದು ದಿನವೂ ಮೆಚ್ಚಿದವಳೂ ಅಲ್ಲ.

"ನಾಳಿ ಬರ್ರಿ. ಕತ್ತರಿಸಿಕೊಡ್ತೀನಿ" ಎಂದಳು. ಮಾತು ಕೊಟ್ಟಾಯಿತು.

ಬಸವಕಲ್ಯಾಣದ ಬಸ್ಸಿನಲ್ಲಿ ಸಸ್ತಾಪುರ ಬಂಗ್ಲಾ ಸ್ಟಾಪ್ ದಾಟುವ ತನಕ ಅಳಿಯನಿಗೆ ಏನೇನು ಅನ್ನಬೇಕೆಂದು ಅವಳು ಜೋಡಿಸಿಕೊಳ್ಳುತ್ತಲೇ ಇದ್ದಳು. ಅಂಗಡಿ ಹೊಕ್ಕಾಗ ಧನರಾಜ ತಿರುಗುವ ಕುರ್ಚಿಯಲ್ಲಿ ತಿರುಗುತ್ತಿದ್ದ.

"ಬರ್ರಿ ಅತ್ತಿಯವ್ರ, ಚಾ ತರಸ್ಲೇನ್ರಿ?"

"ಚಾ ಆಮ್ಯಾಲ. ಈ ಹುಡುಗಿ ನಗು ಎಲ್ಲಿಂದ ತಂದ್ರಿ, ಧನರಾಜವ್ರ?"

ಅವನು ಹಿಗ್ಗಿ ಫೋನ್ ತೆಗೆದ. ಮುಖ ಬದಲಿಸುವ ಆ್ಯಪ್. ಅದರಲ್ಲಿ ಸಿದ್ಧ ಜೋಡಿಗಳ ಚಿತ್ರಗಳಿವೆ, ಬೇಕಾದ್ದು ಆರಿಸಿ ಹುಡುಗ ಹುಡುಗಿಯ ಮುಖ ಹಾಕಿದರೆ ಸಾಕು, ಆ ಚಿತ್ರದ ನಗು, ನೋಟ ಎಲ್ಲ ಅವುಗಳ ಮೇಲೆ ಬಂದು ಕೂರುತ್ತದೆ. ಗಿರಾಕಿಗಳು ಖುಷ್. ಹುಡುಗಿ ನಿಜವಾಗಿ ನಗಲಿ ಎಂದು ಕಾಯುವ ಕೆಲಸವೇ ಇಲ್ಲ.

"ಅದ ನೋಡ್ರಿ, ಅಲ್ಲೇ ನಿಮ್ಮ ಹುಷಾರಿ" ಎಂದಳು ರುಕ್ಮಿಣಿಬಾಯಿ. "ಆ ಸಂಬಂಧ ಮುರದದ. ಇದರೊಳಗ ಹಾಕಿದ ಮುಖ ಎಲ್ಲಿ ಹೋಗ್ಯಾದ?"

"ಎಲ್ಲಿ ಹೋಗ್ತದ್ರಿ? ಫೋನಿನಾಗೇ ಅದ. ಖಾಲಿಪೀಲಿ ಫಿಕರ್ ಮಾಡಬ್ಯಾಡ್ರಿ, ಈಗ ಆ್ಯಪೇ ತೆಗದ ಬಿಡ್ತೀನಿ." ಅವನು ಹೆಬ್ಬೆರಳು ಒತ್ತಲು ಹೊರಟ.

ಅವಳು ಫೋನ್ ಕಸಿದುಕೊಂಡಳು. "ತಡೀರಿ. ಇದಕ್ಕ ಕರಾರು ಅಂತ ಏನರೆ ಇರ್ತದಲ್ಲ, ಅದನ್ನ ಓದೀರೇನು?"

"ಅದನ್ನ ಯಾರು ಓದ್ತಾರ್ರಿ ಅತ್ತಿಯವ್ರ? ಒಪ್ಪಿಗಿ ಅಂತ ಒತ್ತಿದ್ರ ಮುಂದ ಹೋಗ್ತದ."

"ಮದವಿಗೂ ಹಂಗ ಒತ್ತೀರಿ ಕಾಣಸ್ತದ" ಎಂದು ರುಕ್ಮಿಣಿಬಾಯಿ ಅವನ ಕುರ್ಚಿಯಲ್ಲಿ ತಾನು ಕೂತಳು. ಗುಲಬರ್ಗಾದಲ್ಲಿ ಬಿ.ಎ. ಮಾಡಿದವಳು. ಇಂಗ್ಲಿಷು ನಿಧಾನ, ಆದರೆ ಬಿಡುವವಳಲ್ಲ. ಸೆಟ್ಟಿಂಗ್ಸಿನ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಗೌಪ್ಯತೆಯ ಕರಾರಿತ್ತು. ಅವಳು ಅಕ್ಷರ ದೊಡ್ಡದು ಮಾಡಿ, ಓದುತ್ತ ಓದುತ್ತ ಅಳಿಯನಿಗೆ ಕನ್ನಡದಲ್ಲಿ ಹೇಳಿದಳು.

ನೀವು ಹಾಕಿದ ಫೋಟೊ ನಿಮ್ಮ ಫೋನಿನಲ್ಲಿ ಉಳಿಯುವುದಿಲ್ಲ, ಕಂಪನಿಯ ಸರ್ವರ್ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಒಂದು ದಿನದೊಳಗೆ ಅಳಿಸುತ್ತೇವೆ.

"ನೋಡ್ರಿ! ಅಳಸ್ತಾರಂತ!" ಎಂದ ಧನರಾಜ.

"ಬಾಯಿ ಮುಚ್ಚಕೊಂಡು ಕೇಳ್ರಿ" ಎಂದು ಅವಳು ಮುಂದೆ ಓದಿದಳು. ಫೋಟೊ ಅಳಿಸಿದರೂ ಅದರಿಂದ ತೆಗೆದ ಮುಖದ ಅಳತೆ, ಅಂದರೆ ಕಣ್ಣು, ಮೂಗು, ದವಡೆಗಳ ನಡುವಿನ ಗುರುತುಗಳು, ಬೇರೆಯಾಗಿ ಉಳಿಯುತ್ತವೆ. ಎಲ್ಲಿಯವರೆಗೆ? ಖಾತೆ ಮುಚ್ಚುವವರೆಗೆ, ಇಲ್ಲವೇ ಕೊನೆಯ ಬಾರಿ ಬಳಸಿದ ಮೇಲೆ ಮೂರು ವರ್ಷದವರೆಗೆ. ಇವನು ದಿನಾ ಬಳಸುತ್ತಾನೆ. ಹಾಗಾದರೆ ಆ ಮೂರು ವರ್ಷ ದಿನಾ ಹೊಸದಾಗಿ ಶುರುವಾಗುತ್ತದೆ. ಆ್ಯಪನ್ನು ಫೋನಿನಿಂದ ತೆಗೆದರೆ ಖಾತೆ ಮುಚ್ಚಿದಂತಲ್ಲ ಎಂದೂ ಬರೆದಿದ್ದರು.

ದರ್ಜಿ ಬಟ್ಟೆ ವಾಪಸು ಕೊಟ್ಟು ಅಳತೆ ಇಟ್ಟುಕೊಂಡಂತೆ, ಅಂದುಕೊಂಡಳು ರುಕ್ಮಿಣಿಬಾಯಿ.

ಮುಂದಿನದು ಇನ್ನೂ ಚೆನ್ನಾಗಿತ್ತು. ನೀವು ಹಾಕಿದ್ದನ್ನೂ ಅದರಿಂದ ತಯಾರಾದದ್ದನ್ನೂ ಬಳಸುವ, ಬದಲಿಸುವ, ಬೇರೆಯವರಿಗೆ ಕೊಡುವ, ಜಾಹೀರಾತಿಗೆ ತೋರಿಸುವ ಹಕ್ಕನ್ನು, ಜಗತ್ತಿನ ಯಾವ ಮೂಲೆಯಲ್ಲಾದರೂ, ಪುಕ್ಕಟೆಯಾಗಿ ನಮಗೆ ಕೊಟ್ಟಿದ್ದೀರಿ. ಖಾತೆ ಮುಚ್ಚುವ ಮೊದಲೇ ಬಳಸಿದ್ದಕ್ಕೆ ಈ ಹಕ್ಕು ಆಮೇಲೂ ಇರುತ್ತದೆ. ಕೊನೆಗೆ ಒಂದು ಸಾಲು: ಫೋಟೊದಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆ ಪಡೆದಿದ್ದೇನೆ ಎಂದು ನೀವು ಖಾತರಿ ಕೊಡುತ್ತೀರಿ.

"ಆ ಹುಡುಗಿ ಒಪ್ಪಿಗಿ ತೊಗೊಂಡಿದ್ರೇನು?"

ಧನರಾಜ ಗೋಡೆ ನೋಡಿದ.

"ಆಕಿ ಒಪ್ಪಿಗಿ ಇಲ್ದ ಆಕಿ ನಗು ಮಾಡಿದ್ರಿ, ಆಕಿ ಒಪ್ಪಿಗಿ ಇಲ್ದ ಆಕಿ ಮುಖ ಬರಕೊಟ್ರಿ. ಅಳಿಯಂದಿರ, ನಿಮಗ ಕ್ಯಾಮೆರಾ ಯಾರು ಕೊಟ್ರು? ನಾನ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

"ಎಲ್ಲಾರೂ ಹಿಂಗ ಮಾಡ್ತಾರ್ರಿ. ನಿಮ್ಮ ಕತ್ತರಿ ಕಾಲ ಮುಗದು ಹೋತು."

ಅವಳು ಖಾತೆ ಮುಚ್ಚುವ ಜಾಗ ಹುಡುಕಿ ಫೋನನ್ನು ಅವನ ಮುಂದೆ ಹಿಡಿದಳು. ಮುಂದಿನ ವಾರ ಆಲ್ಬಮ್ ಕೊಡಬೇಕು, ಜೋಡಿ ಚಿತ್ರಗಳೆಲ್ಲ ಹೋಗಿಬಿಡುತ್ತವೆ ಎಂದು ಅವನು ಗೋಗರೆದ. ಅವಳು ಹಿಡಿದ ಕೈ ಇಳಿಸಲಿಲ್ಲ. ಅಳುಮೋರೆ ಹಾಕಿಕೊಂಡು ಅವನು ಒತ್ತಿದ. ಆ ಮೇಲೆ ಅವನ ಕೈಲೇ ಕಂಪನಿಗೆ ಇಮೇಲ್ ಬರೆಸಿದಳು: ಈ ಹುಡುಗಿಯ ಒಪ್ಪಿಗೆ ನಾನು ಪಡೆದಿರಲಿಲ್ಲ, ಅವಳ ಮುಖದ ಅಳತೆ, ಅವಳ ಮುಖ ಹಾಕಿ ಮಾಡಿದ ಚಿತ್ರ, ಎಲ್ಲವನ್ನೂ ಅಳಿಸಿ ತಿಳಿಸಿರಿ.

ಮರುದಿನ ತಾಯಿ ಮಗಳು ಬರುವ ಹೊತ್ತಿಗೆ ಉತ್ತರ ಬಂದಿತ್ತು. ಧನರಾಜ ಅದನ್ನು ಒಂದು ಮಾತೂ ಸೇರಿಸದೆ ಅತ್ತೆಗೆ ಕಳಿಸಿದ್ದ. ಪ್ರಿಯ ಬಳಕೆದಾರರೇ, ನಿಮ್ಮ ಗೌಪ್ಯತೆ ನಮಗೆ ಬಹಳ ಮುಖ್ಯ. ನಿಮ್ಮ ಖಾತೆಯಲ್ಲಿನ ಮುಖದ ಅಳತೆಗಳನ್ನು ಮೂವತ್ತು ದಿನದೊಳಗೆ ಅಳಿಸುತ್ತೇವೆ. ಆದರೆ ಈಗಾಗಲೇ ನಮ್ಮ ಸೇವೆ ಸುಧಾರಿಸಲು ಅಥವಾ ಪ್ರಚಾರಕ್ಕೆ ಬಳಸಿದ್ದನ್ನು ಹಿಂತೆಗೆಯಲು ಆಗುವುದಿಲ್ಲ. ನೀವು ಹೇಳಿದ ವ್ಯಕ್ತಿ ಅದರಲ್ಲಿ ಇದ್ದಾರೋ ಇಲ್ಲವೋ ಪರಿಶೀಲಿಸಬೇಕಾದರೆ, ಅವರು ಗುರುತಿನ ಚೀಟಿ ಹಿಡಿದು ನೇರವಾಗಿ ಕ್ಯಾಮೆರಾ ನೋಡುತ್ತಿರುವ ಸ್ಪಷ್ಟ ಫೋಟೊ ಕಳಿಸಬೇಕು.

ರುಕ್ಮಿಣಿಬಾಯಿ ಅದನ್ನು ಆಮ್ರಪಾಲಿಯ ಕೈಗೆ ಕೊಟ್ಟಳು. ಹುಡುಗಿ ಓದಿದಳು. ನಕ್ಕಳು. ಆ ನಗು ಮಾತ್ರ ಅವಳದೇ.

"ನನ್ನ ಮುಖ ಅಳಸ್ಲಾಕ ಮತ್ತ ನನ್ನ ಮುಖಾನೇ ಕೇಳಾಕತ್ತಾರಲ್ರಿ ಬಾಯಾರ? ಈ ಸಲ ಹೆಸರು, ವಿಳಾಸ ಸುದ್ದಾ! ಕಳಸೂದಿಲ್ಲ. ಸಾಯ್ಲಿ ಅವರು."

ರುಕ್ಮಿಣಿಬಾಯಿಯ ನಾಲಿಗೆ ತುದಿಗೆ ಬೈಗಳು ಬಂತು. ಆದರೆ ಯಾರಿಗೆ ಬಯ್ಯುವುದು? ಇಷ್ಟು ಕಾಲ ಅವಳು ಮುಖ ನೋಡಿ ಉಗಿದವಳು. ಊರಿನವರ ಮುಖವನ್ನೆಲ್ಲ ಕೇಳುವ ಈ ಕಂಪನಿಗೆ ಉಗಿಯೋಣವೆಂದರೆ ಅದಕ್ಕೆ ಮುಖವೇ ಇಲ್ಲ. ಅಳಿಯನಿಗೆ ಬಯ್ದು ತೀರಿಸಿಕೊಳ್ಳಬಹುದಿತ್ತು. ಅದರಿಂದ ಈ ಹುಡುಗಿಗೆ ಆಗುವುದೇನು? ಆಲ್ಬಮ್ಮಿನ ಮೇಲಿದ್ದದ್ದು ಅಳಿಯನ ಹೆಸರಲ್ಲ, ತನ್ನದು.

ಅವಳು ಅಳಿಯನ ಅಂಗಡಿಯಿಂದ ತಂದು ಕಂಪ್ಯೂಟರಿಗೆ ಹಾಕಿಕೊಂಡಿದ್ದ ನಿಶ್ಚಯದ ಫೋಟೊಗಳನ್ನೆಲ್ಲ ಇಬ್ಬರ ಎದುರೇ ಅಳಿಸಿದಳು. ಆಲ್ಬಮ್ಮಿನ ಮೊದಲ ಪುಟ ಕಿತ್ತು ಹಳೆ ಕತ್ತರಿ ತೆಗೆದಳು. ಕಾರಂಜಿಯ ನಡುವೆ, ಹುಡುಗ ಒಂದು ಕಡೆ, ಪರರ ಒಡವೆ ಹಾಕಿಕೊಂಡ ಆಮ್ರಪಾಲಿ ಒಂದು ಕಡೆ. ದಪ್ಪ ಹಾಳೆ, ಕತ್ತರಿ ಮೊಂಡಾಗಿತ್ತು, ಎರಡು ಸಲ ಆಡಿಸಬೇಕಾಯಿತು.

ರತ್ನಮಾಲಾ ಸೆರಗೊಡ್ಡಿದಳು. ರುಕ್ಮಿಣಿಬಾಯಿ ಚೂರನ್ನು ಅದರಲ್ಲಿ ಹಾಕಿದಳು.

ರತ್ನಮಾಲಾ ಅಲ್ಲೇ ನಿಂತಳು. ಸೆರಗಿನ ಗಂಟು ಹಾಕಿಕೊಳ್ಳಲಿಲ್ಲ. ಏನೋ ಬಾಕಿ ಇದೆ ಎಂಬಂತೆ ರುಕ್ಮಿಣಿಬಾಯಿಯ ಬಾಯಿಯನ್ನೇ ನೋಡುತ್ತಿದ್ದಳು.

"ತಂಗೀದು ಕತ್ತರಿಸಿದಾಗ ಒಂದು ಮಾತು ಅಂದಿದ್ರಲ್ರಿ, ಬಾಯಾರ" ಎಂದಳು ಕೊನೆಗೆ.

ಊರನ್ನೆಲ್ಲ ಬಯ್ದ ಆ ಬಾಯಿಗೆ "ಮುಗೀತು" ಎನ್ನಲಾಗಲಿಲ್ಲ. ರುಕ್ಮಿಣಿಬಾಯಿಗೆ ನಾಚಿಕೆಯಾಯಿತು, ತನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಹೋಗು, ರತ್ನಮಾಲಾ" ಎಂದಳು. "ಬಸ್ಸಿಗೆ ಹೊತ್ತಾಗ್ತದ."